ಆಡಿಟರ್ ಆಫೀಸಿನ ಕ್ಯಾಪ್ಷನ್‌ಗೆ ಎಮೋಜಿ ಎಷ್ಟು ಬೇಕು?

ಲೆಕ್ಕಪತ್ರದ ಆಫೀಸುಗಳು ಮತ್ತೆ ಮತ್ತೆ ಹಾಕುವ ಪೋಸ್ಟ್ ಅಂದರೆ ಗಡುವನ್ನು ನೆನಪಿಸುವುದು. ಎಮೋಜಿ ಜಾಸ್ತಿಯಾಗುವುದೂ ಅಲ್ಲೇ. ಒಂದು ಮಾದರಿ ನೋಡಿ:

"🚨🚨 ಕೊನೆಯ ದಿನ ಬಂದೇಬಿಟ್ಟಿತು 😱 📅 20ರೊಳಗೆ ರಿಟರ್ನ್ಸ್ ಸಲ್ಲಿಸಿ ✅ ದುಡ್ಡು ಉಳಿಸಿ 💰💰🚀 ಇಂದೇ ಕರೆ ಮಾಡಿ 📞🙏"

ಇದನ್ನು ಹಂತ ಹಂತವಾಗಿ ತಿದ್ದೋಣ.

ಮೊದಲು ಎಲ್ಲ ಎಮೋಜಿ ಅಳಿಸಿ. ಉಳಿದ ಮಾತನ್ನಷ್ಟೇ ಜೋರಾಗಿ ಓದಿ. ಕೊನೆಯ ದಿನ ಬಂತು, ಸಲ್ಲಿಸಿ, ಕರೆ ಮಾಡಿ. ಯಾವ ಕಾಗದ ಕಳಿಸಬೇಕು, ಎಷ್ಟರೊಳಗೆ ಕಳಿಸಬೇಕು ಎಂಬುದೇ ಇಲ್ಲ, ಅಲ್ವಾ? ಬಣ್ಣದ ಚಿತ್ರಗಳ ಗದ್ದಲದಲ್ಲಿ ಆ ಕೊರತೆ ಕಾಣಿಸುತ್ತಿರಲಿಲ್ಲ. ಹಾಗಾಗಿ ಮೊದಲು ಮಾತನ್ನು ಸರಿ ಮಾಡಿ: "ರಿಟರ್ನ್ಸ್ ಸಲ್ಲಿಸಲು ಇದೇ ತಿಂಗಳ 20 ಕೊನೆಯ ದಿನ. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಖರೀದಿ ಬಿಲ್‌ಗಳನ್ನು 14ರೊಳಗೆ ಕಳಿಸಿ. ಲೆಕ್ಕ ತಾಳೆ ನೋಡಲು ನಮಗೆ ಸಮಯ ಸಿಗುತ್ತದೆ."

ಆಮೇಲೆ, ಪ್ರತಿ ಎಮೋಜಿ ಏನು ಭರವಸೆ ಕೊಡುತ್ತಿದೆ ಎಂದು ಕೇಳಿಕೊಳ್ಳಿ. ಈ ಹಂತವನ್ನು ಮಾತ್ರ ಬಿಡಲೇಬೇಡಿ. 💰 ಮತ್ತು 🚀 ಬರೀ ಅಲಂಕಾರ ಅಂತ ನಿಮಗೆ ಅನ್ನಿಸಬಹುದು. 2023ರಲ್ಲಿ ಅಮೆರಿಕದ ಒಂದು ಫೆಡರಲ್ ಕೋರ್ಟ್ ಹಾಗೆ ನೋಡಲಿಲ್ಲ. ಡಿಜಿಟಲ್ ಬ್ಯಾಸ್ಕೆಟ್‌ಬಾಲ್ ಕಾರ್ಡ್ ಮಾರುವ ಡ್ಯಾಪರ್ ಲ್ಯಾಬ್ಸ್ ಕಂಪನಿಯ ಟ್ವೀಟ್‌ಗಳಲ್ಲಿ ರಾಕೆಟ್, ಷೇರು ನಕ್ಷೆ, ಹಣದ ಚೀಲದ ಎಮೋಜಿಗಳಿದ್ದವು. 'ಲಾಭ' ಎಂಬ ಪದ ಇರದಿದ್ದರೂ, ಆ ಚಿತ್ರಗಳು ಹೇಳುವುದು ಹೂಡಿಕೆಗೆ ಸಿಗುವ ಲಾಭವನ್ನೇ ಎಂದು ನ್ಯಾಯಾಧೀಶರು ಬರೆದರು. ಅದು ಅಂತಿಮ ತೀರ್ಪಲ್ಲ, ಪ್ರಕರಣ ಮುಂದುವರಿಯಬಹುದೇ ಎಂಬ ಹಂತದ ಆದೇಶ. ಆದರೂ ಹಣದ ವಿಚಾರ ನೋಡುವ ಆಫೀಸಿಗೆ ಅಷ್ಟು ಎಚ್ಚರಿಕೆ ಸಾಕು. ಆಡಿಟರ್ ಪೋಸ್ಟ್‌ನಲ್ಲಿ 💰 ಇದ್ದರೆ 'ಇವರು ತೆರಿಗೆ ಉಳಿಸಿಯೇ ಕೊಡುತ್ತಾರೆ' ಎಂದೇ ಜನ ಓದಿಕೊಳ್ಳುತ್ತಾರೆ. ವಕೀಲರ ಪೋಸ್ಟ್‌ನಲ್ಲಿ 🏆 ಇದ್ದರೆ 'ಗೆಲ್ಲಿಸಿ ಕೊಡುತ್ತಾರೆ' ಎಂದು. 💰, 🚀, 🏆 ಮೂರನ್ನೂ ಕೈಬಿಡಿ. 😱 ಕೂಡ ಬೇಡ. ಕ್ಲೈಂಟ್ ಮೊದಲೇ ಗಾಬರಿಯಲ್ಲಿರುತ್ತಾರೆ.

ಈಗ ಒಂದನ್ನು ಆರಿಸಿ. ಗಡುವು ಅಂದಕೂಡಲೇ ಕೈ 📅 ಕಡೆಗೆ ಹೋಗುತ್ತದೆ. ಸ್ವಲ್ಪ ದೊಡ್ಡದು ಮಾಡಿ ನೋಡಿ. ಐಫೋನ್‌ನಲ್ಲಿ ಅದರ ಮೇಲೆ ಜುಲೈ 17 ಎಂದು ಅಚ್ಚಾಗಿರುತ್ತದೆ. ಬೇರೆ ಹಲವು ಫೋನ್‌ಗಳಲ್ಲೂ ಅದೇ ತಾರೀಖು. ಮಾತಿನಲ್ಲಿ 20, ಚಿತ್ರದಲ್ಲಿ 17. ತಾರೀಖೇ ಮುಖ್ಯವಾದ ಪೋಸ್ಟ್‌ನಲ್ಲಿ ಈ ಗೊಂದಲ ಯಾಕೆ? ⏰ ಹಾಕಿದರೆ ಆ ತೊಂದರೆ ಇಲ್ಲ.

ಅದನ್ನು ವಾಕ್ಯದ ಕೊನೆಯಲ್ಲಿ ಇಡಿ. ಪದದ ಬದಲಿಗೆ ಬೇಡ, ಪ್ರತಿ ಸಾಲಿನ ಮುಂದೆ ಚುಕ್ಕಿಯ ಹಾಗೆಯೂ ಬೇಡ. ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ಎಮೋಜಿಯ ಹೆಸರನ್ನು ಓದಿ ಹೇಳುತ್ತದೆ. ಮೇಲಿನ ಮಾದರಿ ಅವರ ಕಿವಿಗೆ 'ಪೊಲೀಸ್ ಕಾರ್ ಲೈಟ್, ಪೊಲೀಸ್ ಕಾರ್ ಲೈಟ್' ಎಂದೇ ಶುರುವಾಗುತ್ತದೆ. ವಿಷಯ ಆಮೇಲೆ. ಉದ್ದದ ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲು ಮಾತ್ರ ಎಲ್ಲರಿಗೂ ಕಾಣುವುದರಿಂದ, ಆ ಜಾಗ ತಾರೀಖಿಗೇ ಇರಲಿ.

ತಿದ್ದಿದ ಮೇಲೆ ಹೀಗಿದೆ:

"ರಿಟರ್ನ್ಸ್ ಸಲ್ಲಿಸಲು ಇದೇ ತಿಂಗಳ 20 ಕೊನೆಯ ದಿನ. ⏰
ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಖರೀದಿ ಬಿಲ್‌ಗಳನ್ನು 14ರೊಳಗೆ ಕಳಿಸಿ. ಲೆಕ್ಕ ತಾಳೆ ನೋಡಲು ನಮಗೆ ಸಮಯ ಸಿಗುತ್ತದೆ."

ವಕೀಲರ ಕಚೇರಿಗೂ ಇದೇ ಕ್ರಮ. ಆದರೆ ವಕೀಲರ ಜಾಹೀರಾತಿಗೆ ಹಲವು ದೇಶಗಳಲ್ಲಿ ಬಿಗಿ ನಿಯಮಗಳಿವೆ. ನಿಮ್ಮಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ. ವಿಚ್ಛೇದನ, ಉಯಿಲು, ಅಪಘಾತ ಪರಿಹಾರ, ದಿವಾಳಿತನದ ಬಗ್ಗೆ ಬರೆಯುವಾಗ ಒಂದು ಎಮೋಜಿಯೂ ಬೇಡ. ಸಂಕಟದಲ್ಲಿರುವವರು ಅದನ್ನು ಓದುತ್ತಿರುತ್ತಾರೆ. ಕಚೇರಿಗೆ ಹೊಸ ಸಹೋದ್ಯೋಗಿ ಸೇರಿದ ಸುದ್ದಿಗೆ ಒಂದು 🎉 ಖಂಡಿತ ಇರಲಿ. ಕೇಸು ಗೆದ್ದ ಸುದ್ದಿಗೆ ಬೇಡ, ಸೋತವರೂ ಅದನ್ನು ನೋಡುತ್ತಾರೆ.

ಕ್ಯಾಪ್ಷನ್ ಕೆಳಗಿನ ಕಾಮೆಂಟ್‌ಗಳಲ್ಲೂ ಹುಷಾರಾಗಿರಿ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಒಬ್ಬ ರೈತರು, ಖರೀದಿದಾರರು ಮೆಸೇಜಿನಲ್ಲಿ ಕಳಿಸಿದ ಒಪ್ಪಂದಕ್ಕೆ 👍 ಕಳಿಸಿದ್ದರು. ಅದು ಸಹಿಗೆ ಸಮ ಎಂದು 2023ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. ಆ ಇಬ್ಬರ ನಡುವಿನ ಹಳೆಯ ವ್ಯವಹಾರದ ರೂಢಿಯನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಹಾಗಾಗಿ ಎಲ್ಲ 👍 ಒಪ್ಪಿಗೆಯೇ ಆಗುವುದಿಲ್ಲ. ಆದರೂ "ನನ್ನ ಕೇಸು ತಗೋತೀರಾ?" ಎಂದು ಯಾರಾದರೂ ಕೇಳಿದರೆ ಸುಮ್ನೆ 👍 ಒತ್ತಬೇಡಿ. "ದಯವಿಟ್ಟು ಕಚೇರಿಗೆ ಕರೆ ಮಾಡಿ, ವಿವರ ಕೇಳಿಕೊಂಡು ತಿಳಿಸುತ್ತೇವೆ" ಎಂದು ಪೂರ್ತಿ ಬರೆಯಿರಿ.