ಕಡಲೆಕಾಯಿ ಬೀಜ ಹುರಿಯುವಾಗ ಒಲೆ ಆರಿಸುವ ಹೊತ್ತು

ಸಂಕ್ರಾಂತಿಗೆ ಎಳ್ಳು-ಬೆಲ್ಲವನ್ನು ನಾವು ಮನೆಯಲ್ಲೇ ಮಾಡುತ್ತೇವೆ. ಕೊಬ್ಬರಿ, ಬೆಲ್ಲ ಹೆಚ್ಚುವುದು ಕೈನೋವಿನ ಕೆಲಸ, ಅಷ್ಟೇ. ಹುರಿಗಡಲೆ ಅಂಗಡಿಯಿಂದ ಹುರಿದೇ ಬರುತ್ತದೆ. ಒಲೆ ಮುಂದೆ ನಿಲ್ಲಿಸುವುದು ಕಡಲೆಕಾಯಿ ಬೀಜ ಮತ್ತು ಎಳ್ಳು. ಬೀಜವನ್ನು ಸಿಪ್ಪೆ ತೆಗೆದು ಬೇಳೆ ಮಾಡಿ ಹಾಕುವುದರಿಂದ ಅದರ ಒಳಗಿನ ಬಣ್ಣವೂ ಎಲ್ಲರಿಗೂ ಕಾಣುತ್ತದೆ. ಮುಚ್ಚಿಡೋಕೆ ಆಗಲ್ಲ.

ಅರ್ಧ ಕೆಜಿ ಬೀಜ ಇದ್ದರೆ ನಾನು ಎರಡು ಸಲ ಹುರಿಯುತ್ತೇನೆ. ಬಾಣಲೆ ತುಂಬಿದರೆ ಮೇಲಿನವು ಹಸಿಯಾಗಿಯೇ ಇರುತ್ತವೆ, ತಳದವು ಕಪ್ಪಾಗುತ್ತವೆ. ಮೊದಲು ಆರಿಸುವಾಗ ಒಡೆದ ಬೇಳೆ, ಚಿಕ್ಕ ಬೀಜಗಳನ್ನು ಪಕ್ಕಕ್ಕೆ ಹಾಕುತ್ತೇನೆ. ಅವು ಬೇಗ ಸೀಯುತ್ತವೆ. ಸೀದ ನಾಲ್ಕು ಬೀಜ ಸಾಕು, ಹಿಡಿ ತುಂಬಾ ಕಹಿ. ಪಕ್ಕಕ್ಕಿಟ್ಟವನ್ನು ಕೊನೆಯಲ್ಲಿ ಬೇರೆಯಾಗಿ ಹುರಿದು ಚಟ್ನಿಪುಡಿಗೆ ಎತ್ತಿಡುತ್ತೇನೆ.

ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ. ಮೊದಲ ಏಳೆಂಟು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಗ ಬೀಜದ ಒಳಗಿನ ತೇವ ಆವಿಯಾಗಿ ಹೋಗುತ್ತಿರುತ್ತದೆ. ತೇವ ಇರುವಷ್ಟು ಹೊತ್ತು ಬೀಜದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಬಣ್ಣ ಬರುವುದಿಲ್ಲ. ಬೇಸರವಾಗಿ ಉರಿ ಜಾಸ್ತಿ ಮಾಡುವುದು ಇಲ್ಲೇ. ಹಾಗೆ ಮಾಡಿದರೆ ಹೊರಗೆ ಕಂದು ಚುಕ್ಕೆ ಬೀಳುತ್ತದೆ, ಒಡೆದು ನೋಡಿದರೆ ನಡುವೆ ಇನ್ನೂ ಹಸಿ ಬಿಳುಪು. ತೇವ ಹೋದ ಮೇಲೆ ಬಿಸಿ ತಡೆಯುವವರು ಯಾರೂ ಇಲ್ಲ. ಸರಸರನೆ ಏರುತ್ತದೆ. 140 ಡಿಗ್ರಿ ದಾಟುತ್ತಿದ್ದಂತೆ ಬಣ್ಣ, ಘಮ ಎರಡೂ ಜೋರಾಗುತ್ತವೆ. ಅದಕ್ಕೇ ಕೊನೆಯ ಎರಡು ಮೂರು ನಿಮಿಷದಲ್ಲಿ ಫೋನ್ ಬಂದರೂ ಎತ್ತುವುದಿಲ್ಲ.

ಚಟಪಟ ಸದ್ದು ಶುರುವಾದ ಮೇಲೆ ಒಂದೊಂದೇ ಬೀಜ ತೆಗೆದು ನೋಡುತ್ತೇನೆ. ಸ್ವಲ್ಪ ಆರಿಸಿ ಉಜ್ಜಿದರೆ ಸಿಪ್ಪೆ ಸುಲಭವಾಗಿ ಬಿಡಬೇಕು. ಬೇಳೆ ಬಿಡಿಸಿದಾಗ ಒಳಮೈ ತೆಳು ಕೆನೆ ಬಣ್ಣಕ್ಕೆ ತಿರುಗಿರಬೇಕು. ನನಗೆ ಬೇಕಾದ ಹೊಂಬಣ್ಣಕ್ಕಿಂತ ಒಂದು ಛಾಯೆ ಕಡಿಮೆ ಇರುವಾಗಲೇ ಒಲೆ ಆರಿಸುತ್ತೇನೆ. ಗರಿಗರಿ ಇದೆಯಾ ಅಂತ ಬಿಸಿಯಲ್ಲಿ ಕಚ್ಚಿ ನೋಡಬೇಡಿ. ಬಿಸಿ ಬೀಜ ಮೆತ್ತಗೇ ಇರುತ್ತದೆ, ಆರಿದ ಮೇಲೇ ಗರಿಯಾಗುವುದು. "ಇನ್ನೂ ಆಗಿಲ್ಲ" ಅಂತ ಮತ್ತೆ ಹುರಿದವರ ಬೀಜ ಕಹಿಯಾಗುವುದು ಇದರಿಂದಲೇ.

ಒಲೆ ಆರಿದರೂ ಹುರಿಯುವುದು ಯಾಕೆ ನಿಲ್ಲುವುದಿಲ್ಲ? ಬೀಜದ ಹೊರಮೈ ಒಳಗಿಗಿಂತ ಬಿಸಿ. ಆ ಬಿಸಿ ನಡುವಿಗೆ ಇಳಿಯುತ್ತಲೇ ಇರುತ್ತದೆ. ತಣ್ಣಗಾಗಿಸಲು ಆವಿಯಾಗುವ ನೀರೂ ಈಗ ಉಳಿದಿಲ್ಲ. ಸಾಲದ್ದಕ್ಕೆ ಕಬ್ಬಿಣದ ಬಾಣಲೆ ಬಹಳ ಹೊತ್ತು ಕಾವು ಹಿಡಿದಿರುತ್ತದೆ, ಅದರಲ್ಲೇ ಬಿಟ್ಟರೆ ಒಲೆ ಆರಿಸಿಯೂ ಪ್ರಯೋಜನವಿಲ್ಲ. ತಟ್ಟೆಗೆ ಸುರಿದು ರಾಶಿ ಹಾಕಿದರೂ ನಡುವಿನವು ಒಂದಕ್ಕೊಂದು ಬಿಸಿ ಕೊಡುತ್ತಾ ಇರುತ್ತವೆ. ನಂಬಿಕೆ ಬಾರದಿದ್ದರೆ ಹೀಗೆ ಮಾಡಿ. ಒಲೆ ಆರಿಸಿದ ತಕ್ಷಣ ಒಂದು ಹಿಡಿಯನ್ನು ಅಗಲ ತಟ್ಟೆಯಲ್ಲಿ ಹರಡಿ, ಇನ್ನೊಂದು ಹಿಡಿಯನ್ನು ಬಾಣಲೆಯಲ್ಲೇ ಬಿಡಿ. ಹತ್ತು ನಿಮಿಷ ಬಿಟ್ಟು ಎರಡರ ಬೇಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ತಟ್ಟೆಯದು ಹೊಂಬಣ್ಣ, ಬಾಣಲೆಯದು ಕಂದು.

ನಾನು ನೇರ ಮೊರಕ್ಕೆ ಸುರಿದು ಒಂದೇ ಪದರವಾಗಿ ಹರಡಿ, ಫ್ಯಾನ್ ಕೆಳಗೆ ಇಡುತ್ತೇನೆ. ಆರಿದ ಮೇಲೆ ಅಲ್ಲೇ ಉಜ್ಜಿ ಕೇರಿದರೆ ಸಿಪ್ಪೆ ಹಾರಿಹೋಗುತ್ತದೆ. ಆ ಹೊತ್ತಿಗೆ ಫ್ಯಾನ್ ಆರಿಸಿ, ಇಲ್ಲದಿದ್ದರೆ ಮನೆಯೆಲ್ಲಾ ಗುಡಿಸಬೇಕು.

ಎಳ್ಳಿಗೆ ಇಷ್ಟು ಪುರುಸೊತ್ತು ಇಲ್ಲ. ಕಾಳು ಚಿಕ್ಕದು, ಬಿಸಿ ಕ್ಷಣದಲ್ಲಿ ಒಳಗಿಳಿಯುತ್ತದೆ. ತೊಳೆದ ಎಳ್ಳಾದರೆ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಮುದ್ದೆಯಾಗಿ ಅಂಟಿಕೊಂಡು ಅಲ್ಲಲ್ಲಿ ಸೀಯುತ್ತದೆ. ತಳ ಮುಚ್ಚುವಷ್ಟೇ ಹಾಕಿ ಕೈ ಬಿಡದೆ ಆಡಿಸುತ್ತೇನೆ. ಮೂರು ನಾಲ್ಕು ನಿಮಿಷಕ್ಕೆ ಕಾಳುಗಳು ಉಬ್ಬಿ ಸಿಡಿಯಲು ಶುರುವಾಗುತ್ತವೆ. ಸಿಡಿತ ಜೋರಾಗುವವರೆಗೆ ಕಾಯದೆ ತಟ್ಟೆಗೆ ಸುರಿಯುತ್ತೇನೆ. ತಟ್ಟೆಯಲ್ಲೂ ಒಂದಷ್ಟು ಹೊತ್ತು ಸಿಡಿಯುತ್ತಲೇ ಇರುತ್ತವೆ. ಬಿಳಿ ಎಳ್ಳಿನಲ್ಲಿ ಬಣ್ಣ ನೋಡಬಹುದು. ಕರಿ ಎಳ್ಳಿನಲ್ಲಿ ಬಣ್ಣ ಏನೂ ಹೇಳುವುದಿಲ್ಲ, ಸದ್ದು ಮತ್ತು ವಾಸನೆಯೇ ಗತಿ. ಎರಡನೇ ಸಲಕ್ಕೆ ಬಾಣಲೆ ಆಗಲೇ ಕಾದಿರುತ್ತದೆ ಅಲ್ವಾ, ಆದ್ದರಿಂದ ಹೊತ್ತು ಇನ್ನೂ ಕಡಿಮೆ ಸಾಕು.

ಡಬ್ಬಿಗೆ ತುಂಬುವ ಮೊದಲು ರಾಶಿಯ ನಡುವೆ ಕೈ ಇಟ್ಟು ನೋಡಿ. ಸ್ವಲ್ಪ ಬೆಚ್ಚಗಿದ್ದರೂ ಮುಚ್ಚಳದ ಒಳಗೆ ಪಸೆ ಕೂತು, ಬೀಜ ಮರುದಿನಕ್ಕೇ ಮೆತ್ತಗಾಗುತ್ತದೆ.