ಥರ್ಮಿಸ್ಟರ್‌ನ ವಕ್ರ ಗೆರೆಯನ್ನು ನೆಟ್ಟಗೆ ಮಾಡಿದ್ದು: ಒಂದು ರೆಸಿಸ್ಟರ್, ಒಂದು ಎಲ್‌ಎಂ358

ನನಗೆ ಬೇಕಿದ್ದದ್ದು ಇಷ್ಟೇ. ಡಿಗ್ರಿಗೆ 100 ಮಿಲಿವೋಲ್ಟ್ ಬರಬೇಕು, 27 ಡಿಗ್ರಿ ಇದ್ದರೆ ಮೀಟರ್‌ನಲ್ಲಿ 2.70 ಅಂತ ಕಾಣಬೇಕು. ಮಾವನ ರೇಷ್ಮೆ ಮನೆಯಲ್ಲಿ ಚಾಕಿ ಸಾಕಾಣಿಕೆಗೆ, ಅಂದರೆ ಮರಿ ಹುಳ ಸಾಕುವುದಕ್ಕೆ ಇದು. ಮೊದಲ ಜ್ವರದ ತನಕ, ಅಂದರೆ ಮೊದಲ ಸಲ ಪೊರೆ ಬಿಡುವ ತನಕ ಹುಳಕ್ಕೆ ಸುಮಾರು 28 ಡಿಗ್ರಿ ಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಐದನೇ ಹಂತಕ್ಕೆ 24ಕ್ಕೆ ತರಬೇಕು. ಹಾಗಾಗಿ 10ರಿಂದ 40 ಡಿಗ್ರಿ ತನಕ ಸರಿಯಾಗಿ ತೋರಿಸಿದರೆ ಸಾಕಿತ್ತು. ಮೈಕ್ರೋಕಂಟ್ರೋಲರ್ ಹಾಕಿ ಪ್ರೋಗ್ರಾಮ್ ಬರೆಯಬಹುದು, ನಿಜ. ಆದರೆ ವೋಲ್ಟೇಜೇ ಸರಿಯಾಗಿ ಬಂದರೆ ಅದನ್ನು ಸಣ್ಣ ಪ್ಯಾನಲ್ ಮೀಟರ್‌ಗೂ ಕೊಡಬಹುದು, ಹೀಟರ್ ಆನ್ ಆಫ್ ಮಾಡುವ ಕಂಪ್ಯಾರೇಟರ್‌ಗೂ ಕೊಡಬಹುದು.

ನಾನು ತಗೊಂಡದ್ದು ಅಂಗಡಿಯಲ್ಲಿ ಸುಲಭವಾಗಿ ಸಿಗುವ 10ಕೆ ಎನ್‌ಟಿಸಿ ಥರ್ಮಿಸ್ಟರ್, ಬೀಟಾ 3950. ಬಿಸಿಗೆ ರೆಸಿಸ್ಟೆನ್ಸ್ ಎಷ್ಟು ಜೋರಾಗಿ ಬದಲಾಗುತ್ತದೆ ಅಂತ ಹೇಳುವ ಅಂಕಿ ಈ ಬೀಟಾ. ಬಿಸಿ ಏರಿದಂತೆ ಇದರ ರೆಸಿಸ್ಟೆನ್ಸ್ ಇಳಿಯುತ್ತದೆ, ಆದರೆ ಒಂದೇ ಸಮನಾಗಿ ಇಳಿಯುವುದಿಲ್ಲ. ಲೆಕ್ಕದ ಪ್ರಕಾರ 10 ಡಿಗ್ರಿಯಲ್ಲಿ 20.2ಕೆ, 25ರಲ್ಲಿ 10ಕೆ, 40ರಲ್ಲಿ 5.3ಕೆ. ಮೊದಲ 15 ಡಿಗ್ರಿಗೆ ಹತ್ತು ಸಾವಿರ ಓಮ್ ಇಳಿಯಿತು, ಮುಂದಿನ 15ಕ್ಕೆ ಅದರ ಅರ್ಧವೂ ಇಲ್ಲ. ಇದನ್ನು ಹಾಗೇ ಆಪ್-ಆಂಪ್‌ಗೆ ಕೊಟ್ಟರೆ ವಕ್ರವೇ ದೊಡ್ಡದಾಗಿ ಬರುತ್ತದೆ ಅಷ್ಟೇ.

ವಕ್ರ ತೆಗೆಯುವ ಕೆಲಸ ಆಪ್-ಆಂಪ್‌ನದಲ್ಲ, ಥರ್ಮಿಸ್ಟರ್ ಜೊತೆ ಸೀರೀಸ್‌ನಲ್ಲಿ ಕೂರುವ ಒಂದು ರೆಸಿಸ್ಟರ್‌ನದು. ಮೇಲೆ ಥರ್ಮಿಸ್ಟರ್, ಕೆಳಗೆ ಈ ರೆಸಿಸ್ಟರ್, ನಡುವಿನಿಂದ ವೋಲ್ಟೇಜ್ ತೆಗೆಯುವುದು. ತಣ್ಣಗಿದ್ದಾಗ ಥರ್ಮಿಸ್ಟರ್ ಜಾಸ್ತಿ ಬದಲಾದರೂ ಡಿವೈಡರ್ ಮೇಲೆ ಅದರ ಪರಿಣಾಮ ಕಡಿಮೆ, ಬಿಸಿಯಾದಾಗ ಉಲ್ಟಾ. ಎರಡು ವಕ್ರಗಳು ಒಂದನ್ನೊಂದು ಹೆಚ್ಚುಕಡಿಮೆ ಹೊಡೆದುಹಾಕುತ್ತವೆ. ಆ ರೆಸಿಸ್ಟರ್ ಎಷ್ಟು ಓಮ್‌ನದ್ದಿರಬೇಕು ಅಂತ ಸುಮ್ನೆ ಊಹಿಸಬೇಕಾಗಿಲ್ಲ. ಕೆಳಗಿನ ತುದಿ, ನಡು, ಮೇಲಿನ ತುದಿ ಮೂರೂ ಒಂದೇ ಗೆರೆಯ ಮೇಲೆ ಬರಲಿ ಅಂತ ಲೆಕ್ಕ ಹಾಕಿದರೆ ಈ ಸೂತ್ರ ಸಿಗುತ್ತದೆ:

```
R = (Rm*(Rl + Rh) - 2*Rl*Rh) / (Rl + Rh - 2*Rm)
```

Rl ಅಂದರೆ 10 ಡಿಗ್ರಿಯಲ್ಲಿ ಥರ್ಮಿಸ್ಟರ್‌ನ ರೆಸಿಸ್ಟೆನ್ಸ್, Rm 25ರದ್ದು, Rh 40ರದ್ದು. ನನ್ನ ಅಂಕಿಗಳನ್ನು ಹಾಕಿದಾಗ 7.46ಕೆ ಬಂತು, 7.5ಕೆ ಒಂದು ಶೇಕಡಾದ್ದು ಹಾಕಿದೆ. 2.5 ವೋಲ್ಟ್ ಕೊಟ್ಟರೆ ನಡುವಿನ ಬಿಂದುವಿನಲ್ಲಿ 10 ಡಿಗ್ರಿಗೆ 0.678, 25ಕ್ಕೆ 1.071, 40ಕ್ಕೆ 1.465 ವೋಲ್ಟ್. ಎರಡೂ ಅರ್ಧಕ್ಕೆ ಏರಿಕೆ ಹತ್ತಿರ ಹತ್ತಿರ ಒಂದೇ ನೋಡಿ, ಡಿಗ್ರಿಗೆ ಸುಮಾರು 26.2 ಮಿಲಿವೋಲ್ಟ್. ನಡುವೆ ಸಣ್ಣ ಅಲೆ ಉಳಿಯುತ್ತದೆ. 17.5ರಲ್ಲಿ 0.2 ಡಿಗ್ರಿ ಕಡಿಮೆ, 32.5ರಲ್ಲಿ 0.2 ಜಾಸ್ತಿ ತೋರಿಸುತ್ತದೆ. ಹುಳಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇದೇ ಉಪಾಯವನ್ನು 0ಯಿಂದ 50ಕ್ಕೆ ಎಳೆದರೆ ತಪ್ಪು ಒಂದು ಡಿಗ್ರಿಗೆ ಹೋಗುತ್ತದೆ, ಯಾಕೆಂದರೆ ಅದು ವ್ಯಾಪ್ತಿಯ ಘನದಂತೆ ಬೆಳೆಯುತ್ತದೆ. ಆದ್ದರಿಂದ ಬೇಕಾದಷ್ಟೇ ವ್ಯಾಪ್ತಿ ಇಟ್ಟುಕೊಳ್ಳಿ.

2.5 ವೋಲ್ಟನ್ನು ಟಿಎಲ್‌431 ಎಂಬ ರೆಫರೆನ್ಸ್ ಐಸಿಯಿಂದ ತೆಗೆದೆ, 12 ವೋಲ್ಟ್ ಅಡಾಪ್ಟರ್‌ನಿಂದ 2.2ಕೆ ಮೂಲಕ. ಅಡಾಪ್ಟರ್ ಏರಿಳಿದರೂ ಅಳತೆ ಅಲುಗಾಡುವುದಿಲ್ಲ. 5 ವೋಲ್ಟ್ ಕೊಟ್ಟರೆ ಸಿಗ್ನಲ್ ದೊಡ್ಡದಾಗುತ್ತೆ ಅಲ್ವಾ ಅಂತ ಅನಿಸಬಹುದು, ಆದರೆ ಥರ್ಮಿಸ್ಟರ್ ತನ್ನ ಕರೆಂಟ್‌ಗೆ ತಾನೇ ಬಿಸಿಯಾಗುತ್ತದೆ. 2.5 ವೋಲ್ಟ್‌ಗೆ ಅದರಲ್ಲಿ 0.2 ಮಿಲಿವ್ಯಾಟ್. ನಿಂತ ಗಾಳಿಯಲ್ಲಿ ಸಣ್ಣ ಮಣಿಗೆ ಡಿಗ್ರಿಗೆ 2 ಮಿಲಿವ್ಯಾಟ್ ಅಂತ ಹಿಡಿದರೆ 0.1 ಡಿಗ್ರಿ ತಪ್ಪು. ವೋಲ್ಟೇಜ್ ಎರಡು ಪಟ್ಟು ಮಾಡಿದರೆ ತಪ್ಪು ನಾಲ್ಕು ಪಟ್ಟು.

ಇನ್ನು ಆಪ್-ಆಂಪ್. ಡಿವೈಡರ್‌ನ ನಡುವಿನ ತಂತಿ ನೇರ ಪ್ಲಸ್ ಇನ್‌ಪುಟ್‌ಗೆ ಹೋಗಬೇಕು. ಮೈನಸ್ ಕಡೆಗೆ ರೆಸಿಸ್ಟರ್ ಮೂಲಕ ಕೊಟ್ಟರೆ ಆ ರೆಸಿಸ್ಟರ್ 7.5ಕೆ ಜೊತೆ ಸೇರಿಕೊಂಡು, ಅಷ್ಟೊತ್ತು ಲೆಕ್ಕ ಹಾಕಿದ್ದು ಹಾಳಾಗುತ್ತದೆ. 26.2ರಿಂದ 100ಕ್ಕೆ ಬರಲು ಗೇನ್ 3.81 ಬೇಕು. ಗೆರೆಯನ್ನು ಕೆಳಗೂ ಇಳಿಸಬೇಕು, ಅದಕ್ಕೆ ಗೇನ್ ರೆಸಿಸ್ಟರ್‌ನ ಕಾಲನ್ನು ನೆಲಕ್ಕೆ ಕಟ್ಟುವ ಬದಲು 0.56 ವೋಲ್ಟ್‌ಗೆ ಕಟ್ಟಿದೆ. ಎಲ್‌ಎಂ358ನಲ್ಲಿ ಎರಡು ಆಪ್-ಆಂಪ್ ಇರುತ್ತವಲ್ಲ, ಇನ್ನೊಂದನ್ನು ಈ 0.56ರ ಬಫರ್ ಮಾಡಿದೆ. 10ಕೆ ಗೇನ್ ರೆಸಿಸ್ಟರ್, ಫೀಡ್‌ಬ್ಯಾಕ್‌ನಲ್ಲಿ 22ಕೆ ಜೊತೆ 10ಕೆ ಪ್ರೀಸೆಟ್. ಆಫ್‌ಸೆಟ್‌ಗೆ 2.5 ವೋಲ್ಟ್‌ನಿಂದ 33ಕೆ, ಅದರ ಕೆಳಗೆ 6.8ಕೆ ಮತ್ತು 5ಕೆ ಪ್ರೀಸೆಟ್. ಎರಡೂ ಹಲವು ಸುತ್ತು ತಿರುಗುವ ಪ್ರೀಸೆಟ್ ಆಗಿರಲಿ.

ಇಲ್ಲೊಂದು ಬಲೆ ಇದೆ. ಕೋಣೆ ಬಿಸಿಯಾದಷ್ಟೂ ಫೀಡ್‌ಬ್ಯಾಕ್ ಕರೆಂಟ್ ಬಫರ್‌ನ ಔಟ್‌ಪುಟ್ ಒಳಗೆ ಹರಿಯುತ್ತದೆ, 40 ಡಿಗ್ರಿಯಲ್ಲಿ ಸುಮಾರು 90 ಮೈಕ್ರೋಆಂಪ್. ಎಲ್‌ಎಂ358ನ ಔಟ್‌ಪುಟ್ ಅರ್ಧ ವೋಲ್ಟ್‌ನಷ್ಟು ಕೆಳಗಿದ್ದಾಗ ಅಷ್ಟು ಕರೆಂಟನ್ನು ನೆಲಕ್ಕೆ ಇಳಿಸುವ ಶಕ್ತಿ ಅದಕ್ಕಿಲ್ಲ, ಅಲ್ಲಿ 50 ಮೈಕ್ರೋಆಂಪ್ ಆಸುಪಾಸಿಗೇ ಸುಸ್ತಾಗುತ್ತದೆ. ಆಗ 0.56 ಮೇಲಕ್ಕೆ ಜಾರುತ್ತದೆ, ಬಿಸಿ ಕಡೆಯ ರೀಡಿಂಗ್ ಕಡಿಮೆ ಬರುತ್ತದೆ. ನೋಡಿದರೆ ಥರ್ಮಿಸ್ಟರ್‌ನ ವಕ್ರವೇ ಉಳಿದುಕೊಂಡ ಹಾಗೆ ಕಾಣುತ್ತದೆ, ಜನ 7.5ಕೆ ಬದಲಾಯಿಸುತ್ತಾ ಕೂರುತ್ತಾರೆ. ಪತ್ತೆ ಮಾಡುವುದು ಸುಲಭ. ತಣ್ಣಗೆ ಒಮ್ಮೆ, ಬಿಸಿಗೆ ಒಮ್ಮೆ ಬಫರ್ ಔಟ್‌ಪುಟ್‌ನಲ್ಲಿ ಮೀಟರ್ ಇಡಿ. ಅದು ಕದಲಲೇಬಾರದು. ಪರಿಹಾರವೂ ಸುಲಭ. ಬಫರ್ ಔಟ್‌ಪುಟ್‌ನಿಂದ ನೆಲಕ್ಕೆ ಒಂದು 2.2ಕೆ ಹಾಕಿ, ಆ ಕರೆಂಟನ್ನು ಅದು ಹೊತ್ತುಕೊಳ್ಳುತ್ತದೆ.

ಹೊಂದಿಸುವಾಗ ಮೊದಲು ಥರ್ಮಿಸ್ಟರ್ ಬಿಚ್ಚಿಟ್ಟೆ. ಅದರ ಜಾಗದಲ್ಲಿ 20ಕೆ ಹಾಕಿದರೆ ಅದು 10.2 ಡಿಗ್ರಿಗೆ ಸಮ, ಆಫ್‌ಸೆಟ್ ತಿರುಗಿಸಿ 1.02 ವೋಲ್ಟ್ ಮಾಡಿದೆ. 5.6ಕೆ ಅಂದರೆ 38.6 ಡಿಗ್ರಿ, ಗೇನ್ ತಿರುಗಿಸಿ 3.86 ಮಾಡಿದೆ. ಒಂದನ್ನು ತಿರುಗಿಸಿದರೆ ಇನ್ನೊಂದೂ ಸ್ವಲ್ಪ ಕದಲುತ್ತದೆ, ಎರಡೂ ನಿಲ್ಲುವ ತನಕ ಮತ್ತೆ ಮತ್ತೆ ಮಾಡಬೇಕು. ಕೊನೆಗೆ 10ಕೆ ಹಾಕಿ ಏನನ್ನೂ ಮುಟ್ಟದೆ ನೋಡಬೇಕು. 2.50 ಹತ್ತಿರ ಬಂದರೆ ಸರ್ಕ್ಯೂಟ್ ಸರಿಯಿದೆ.

ಆಮೇಲೆ ಥರ್ಮಿಸ್ಟರ್. ಅದರ ಮೇಲೆ ಬೀಟಾ ಬರೆದಿರುವುದಿಲ್ಲ, ಅಂಗಡಿಯವರು ಹೇಳಿದ್ದನ್ನು ನಂಬುವ ಬದಲು ಪುಡಿ ಮಂಜುಗಡ್ಡೆ ಮತ್ತು ನೀರು ಕಲಸಿ ಅದರಲ್ಲಿಟ್ಟು ಅಳೆಯಿರಿ. 3950 ಆದರೆ 33ಕೆ ಆಸುಪಾಸು ಇರಬೇಕು, 28ಕೆ ಹತ್ತಿರ ಬಂದರೆ ಅದು 3435ರ ಜಾತಿ, ಲೆಕ್ಕ ಮೊದಲಿಂದ ಹಾಕಬೇಕು. ಕಾಲುಗಳಿಗೆ ಹೀಟ್ ಶ್ರಿಂಕ್ ಹಾಕಿ ಚೆನ್ನಾಗಿ ಮುಚ್ಚಿ. ಒದ್ದೆಯಾದರೆ ಕರೆಂಟ್ ಪಕ್ಕದಿಂದ ಸೋರಿ, ಇಲ್ಲದ ಬಿಸಿ ತೋರಿಸುತ್ತದೆ. ರೇಷ್ಮೆ ಮನೆಯ ತೇವಕ್ಕೂ ಇದು ಬೇಕೇ ಬೇಕು. ತಂತಿ ಉದ್ದವಾದರೆ ಮನೆಯ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುವಿಕೆ ಸೇರಿಕೊಂಡು ಕೊನೆಯ ಅಂಕಿ ಕುಣಿಯುತ್ತದೆ, 7.5ಕೆ ಮೇಲೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ.

ದುಡ್ಡು ಖರ್ಚು ಮಾಡುವುದಿದ್ದರೆ ಥರ್ಮಿಸ್ಟರ್ ಮೇಲೆ ಮಾಡಿ. 25 ಡಿಗ್ರಿಯಲ್ಲಿ ಅದು ಡಿಗ್ರಿಗೆ 4.4 ಶೇಕಡಾ ಬದಲಾಗುತ್ತದೆ, ಅಂದರೆ 5 ಶೇಕಡಾ ಟಾಲರೆನ್ಸ್‌ನದ್ದು ತಗೊಂಡರೆ ಒಂದು ಡಿಗ್ರಿಗಿಂತ ಜಾಸ್ತಿ ತಪ್ಪು ಅಲ್ಲೇ ಹೋಯಿತು. ಒಂದು ಶೇಕಡಾದ್ದಾದರೆ ಕಾಲು ಡಿಗ್ರಿಯೊಳಗೆ ಇರುತ್ತದೆ.

ವ್ಯಾಪ್ತಿಯ ಹೊರಗೆ ಇದನ್ನು ನಂಬಬೇಡಿ. ಇದೇ ಸರ್ಕ್ಯೂಟ್ ಮಂಜುಗಡ್ಡೆಯಲ್ಲಿ 0 ಬದಲು 1.6 ತೋರಿಸುತ್ತದೆ, 50 ಡಿಗ್ರಿಯಲ್ಲಿ 48.6. ನಿಮಗೆ 50ರ ಸುತ್ತಮುತ್ತ ಅಳೆಯಬೇಕಿದ್ದರೆ 7.5ಕೆ ತೆಗೆದು ಸುಮಾರು 2.6ಕೆ ಹಾಕಬೇಕು, ಗೇನ್ ಮತ್ತು ಆಫ್‌ಸೆಟ್ ಎರಡನ್ನೂ ಹೊಸದಾಗಿ ಲೆಕ್ಕ ಹಾಕಬೇಕು.