ಹೇಳಿದ ಡೇಟ್ ದಾಟಿದ್ಮೇಲೆ ಎಚ್‌ಆರ್‌ಗೆ ನಾನು ಮೇಲ್ ಹಾಕಿದ್ದು ಹೀಗೆ

"ಶುಕ್ರವಾರದೊಳಗೆ ತಿಳಿಸ್ತೀವಿ" ಅಂತ ಇಂಟರ್ವ್ಯೂ ಮುಗಿದಾಗ ಹೇಳ್ತಾರೆ, ಶುಕ್ರವಾರ ಬರುತ್ತೆ ಹೋಗುತ್ತೆ, ಫೋನೂ ಇಲ್ಲ ಮೇಲೂ ಇಲ್ಲ. ಆಗ ಮೇಲ್ ಹಾಕ್ಬೇಕಾ, ಹಾಕಿದ್ರೆ ಏನಂತ ಬರೀಬೇಕು ಅಂತ ಮಂಡ್ಯದಲ್ಲಿ ನಮ್ ಹುಡುಗ್ರು ಕೇಳ್ತಾನೇ ಇರ್ತಾರೆ. 2025ರ ದಸರಾ ಟೈಮಲ್ಲಿ ನನಗೇ ಈ ಪರಿಸ್ಥಿತಿ ಬಂದಿತ್ತು, ಮಾಡಿದ್ದನ್ನ ಹಾಗೇ ಬರೀತಿದೀನಿ.

ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಂಟಲ್ಲಿ ಕ್ವಾಲಿಟಿ ಇಂಜಿನಿಯರ್ ಕೆಲಸಕ್ಕೆ ಸೆಪ್ಟೆಂಬರ್ 18ಕ್ಕೆ ಇಂಟರ್ವ್ಯೂ ಇತ್ತು. ಏಳೋ ಮುಂಚೆ ನಾನು ಎರಡು ವಿಷಯ ಕೇಳ್ಕೊಂಡೆ, ಯಾವತ್ತಿಗೆ ಗೊತ್ತಾಗುತ್ತೆ, ತಿಳಿಸೋದು ಯಾರು ಅಂತ. ಎಚ್‌ಆರ್ ಮೇಡಂ "26ರೊಳಗೆ ಹೇಳ್ತೀವಿ, ನಾನೇ ಮೇಲ್ ಮಾಡ್ತೀನಿ" ಅಂದ್ರು. ಈ ಎರಡು ಕೈಲಿದ್ರೆ ಮುಂದೆ ಮೇಲ್ ಬರೆಯೋದು ಅರ್ಧ ಮುಗಿದಂಗೆ, ಯಾಕಂದ್ರೆ "ಇನ್ನೂ ಯಾಕೆ ಹೇಳಿಲ್ಲ" ಅನ್ನೋ ಧಾಟಿ ಬರಲ್ಲ, ಅವರೇ ಕೊಟ್ಟ ತಾರೀಖನ್ನ ಅವರಿಗೇ ಸಮಾಧಾನವಾಗಿ ನೆನಪು ಮಾಡಿದಂಗೆ ಆಗುತ್ತೆ.

26 ಶುಕ್ರವಾರ ಏನೂ ಬರ್ಲಿಲ್ಲ. ಸ್ಪ್ಯಾಮ್ ಫೋಲ್ಡರ್ ನೋಡ್ದೆ, ಅಪ್ಲೈ ಮಾಡಿದ್ದ ಪೋರ್ಟಲ್‌ಗೆ ಲಾಗಿನ್ ಆಗಿ ಸ್ಟೇಟಸ್ ಬದಲಾಗಿದ್ಯಾ ನೋಡ್ದೆ, ಇಲ್ಲ. ಸಾಮಾನ್ಯವಾಗಿ ಹೇಳಿದ ದಿನದ ಮೇಲೆ ಎರಡು ಮೂರು ವರ್ಕಿಂಗ್ ಡೇ ಬಿಡೋದು ನನ್ನ ಪದ್ಧತಿ. ಆದ್ರೆ ಈ ಸಲ ಬುಧವಾರ ಆಯುಧ ಪೂಜೆ, ಗುರುವಾರ ವಿಜಯದಶಮಿ, ಮೈಸೂರಲ್ಲಿ ಜಂಬೂಸವಾರಿ ದಿನ ಯಾರಿಗೆ ಮೇಲ್ ನೋಡೋ ಪುರುಸೊತ್ತು ಹೇಳಿ, ಬುಧವಾರ ಅಂತೂ ಮಿಷಿನ್ ತೊಳೆದು ಕುಂಬಳಕಾಯಿ ಒಡೆಯೋದ್ರಲ್ಲೇ ದಿನ ಹೋಗುತ್ತೆ. ಸೋಮವಾರ ಬೆಳಿಗ್ಗೆ ಹಾಕಿದ್ರೆ ವಾರದ ರಾಶಿ ಮೇಲ್ ಕೆಳಗೆ ಹೂತೋಗುತ್ತೆ. ಅದಕ್ಕೆ ಮಂಗಳವಾರ, 30ನೇ ತಾರೀಖು, ಹತ್ತೂವರೆ ಹೊತ್ತಿಗೆ ಕಳಿಸ್ದೆ.

ಹೊಸ ಮೇಲ್ ಶುರು ಮಾಡ್ಲಿಲ್ಲ. ಇಂಟರ್ವ್ಯೂಗೆ ಬನ್ನಿ ಅಂತ ಮೇಡಂ ಬರೆದಿದ್ದ ಮೇಲ್‌ಗೇ ರಿಪ್ಲೈ ಮಾಡ್ದೆ, ಸಬ್ಜೆಕ್ಟ್‌ನಲ್ಲಿ ಹುದ್ದೆ ಹೆಸರು, ಜಾಬ್ ಕೋಡ್ ಹಾಗೇ ಉಳೀತು, ಕೆಳಗೆ ನನ್ನ ರೆಸ್ಯೂಮೆನೂ ಇತ್ತು. ದಿನಕ್ಕೆ ಎಷ್ಟೋ ಜನರ ಹೆಸರು ನೋಡೋರಿಗೆ ನಾನ್ಯಾರು ಅಂತ ಹುಡುಕೋ ಕೆಲಸ ಕೊಡಬಾರದು. ಕ್ಯಾಲೆಂಡರ್ ಇನ್ವೈಟ್ ಬೇರೆ ಬಂದಿತ್ತು, ಅದು ಸಿಸ್ಟಮ್ ಕಳಿಸಿದ್ದು, ಅಂಥದ್ದಕ್ಕೆ ರಿಪ್ಲೈ ಮಾಡಿದ್ರೆ ಯಾರೂ ಓದಲ್ಲ. ಇಂಟರ್ವ್ಯೂ ತಗೊಂಡ ಮ್ಯಾನೇಜರ್‌ನ ಸಿಸಿಲಿ ಹಾಕ್ಲಿಲ್ಲ, ಮೊದಲ ಮೇಲ್‌ನಲ್ಲೇ ಹಾಕಿದ್ರೆ ಮೇಡಂ ಮೇಲೆ ದೂರು ಕೊಟ್ಟಂಗೆ ಕಾಣುತ್ತೆ.

ಮೇಲ್ ಇಂಗ್ಲಿಷಲ್ಲಿತ್ತು, ಅದರಲ್ಲಿದ್ದಿದ್ದು ಇಷ್ಟು:

"ನಮಸ್ಕಾರ ಮೇಡಂ, ಸೆಪ್ಟೆಂಬರ್ 18ರಂದು ಕ್ವಾಲಿಟಿ ಇಂಜಿನಿಯರ್ ಹುದ್ದೆಗೆ ಇಂಟರ್ವ್ಯೂಗೆ ಬಂದಿದ್ದೆ. 26ರ ಹೊತ್ತಿಗೆ ತಿಳಿಸುವುದಾಗಿ ಹೇಳಿದ್ದಿರಿ. ಈ ಕೆಲಸದಲ್ಲಿ ನನಗೆ ಆಸಕ್ತಿ ಹಾಗೆಯೇ ಇದೆ. ನಿರ್ಧಾರ ಇನ್ನೂ ಆಗಿಲ್ಲದಿದ್ದರೆ, ಸುಮಾರು ಯಾವ ದಿನಕ್ಕೆ ನಿರೀಕ್ಷಿಸಬಹುದು ಎಂದು ತಿಳಿಸುತ್ತೀರಾ? ಹಬ್ಬದ ರಜೆ ಮುಗಿದ ಮೇಲೆ ಉತ್ತರಿಸಿದರೂ ಸರಿ. ನನ್ನಿಂದ ಯಾವುದಾದರೂ ದಾಖಲೆ ಬೇಕಿದ್ದರೆ ಕಳಿಸುತ್ತೇನೆ."

ಕೆಳಗೆ ಹೆಸರು, ಫೋನ್ ನಂಬರ್, ಅಷ್ಟೇ.

ಇದರಲ್ಲಿ ಮುಖ್ಯ ಇರೋದು ಆ ಒಂದು ಪ್ರಶ್ನೆ. "ನಾನು ಸೆಲೆಕ್ಟ್ ಆದ್ನಾ" ಅಂತ ನಾನು ಕೇಳ್ಲಿಲ್ಲ, ಯಾವತ್ತಿಗೆ ಗೊತ್ತಾಗುತ್ತೆ ಅಂತ ಕೇಳ್ದೆ. ನಾನೂ ನಮ್ ಫ್ಯಾಕ್ಟರೀಲಿ ಇಂಟರ್ವ್ಯೂ ಪ್ಯಾನೆಲ್‌ನಲ್ಲಿ ಕೂತಿದೀನಿ, ಅಲ್ಲಿ ಲೇಟ್ ಆಗೋದು ಹೆಂಗೆ ಅಂತ ಗೊತ್ತು. ಪ್ಯಾನೆಲ್‌ನಲ್ಲಿದ್ದೋರು ಫೀಡ್‌ಬ್ಯಾಕ್ ಫಾರ್ಮ್ ತುಂಬಿರಲ್ಲ, ಇಲ್ಲಾಂದ್ರೆ ಇನ್ನೊಬ್ಬ ಕ್ಯಾಂಡಿಡೇಟ್ ಬರೋದು ಬಾಕಿ ಇರುತ್ತೆ, ಇಲ್ಲಾಂದ್ರೆ ಸಂಬಳದ ಅಪ್ರೂವಲ್ ಪ್ಲಾಂಟ್ ಹೆಡ್ ದಾಟಿ ಹೆಡ್ ಆಫೀಸಿಗೆ ಹೋಗಿ ಅಲ್ಲೇ ಕೂತಿರುತ್ತೆ. ಮೊದಲನೇವ್ನಿಗೆ ಆಫರ್ ಕೊಟ್ಟು, ಅವನು 90 ದಿನದ ನೋಟಿಸ್ ಪೀರಿಯಡ್ ಅಂತ ಎಳೆದಾಡ್ತಾ ಇದ್ರೆ, ಎರಡನೇವ್ನಿಗೆ ಬೇಡ ಅಂತಾನೂ ಹೇಳದೆ ಇಟ್ಕೊಂಡಿರೋದೂ ಉಂಟು. ಇಂಥ ಹೊತ್ತಲ್ಲಿ ಎಚ್‌ಆರ್ ಹತ್ರ ಹೌದು ಅಥವಾ ಇಲ್ಲ ಅನ್ನೋ ಉತ್ತರವೇ ಇರಲ್ಲ, ಫಲಿತಾಂಶ ಕೇಳಿದ್ರೆ ಅವರು ಮೇಲ್‌ನ ಆಮೇಲೆ ನೋಡೋಣ ಅಂತ ಪಕ್ಕಕ್ಕೆ ಇಡ್ತಾರೆ. ತಾರೀಖು ಕೇಳಿದ್ರೆ ಒಂದು ಸಾಲಲ್ಲಿ ಉತ್ತರ ಕೊಡ್ಬಹುದು, ಕೊಡ್ತಾರೆ ಕೂಡ.

ಅವತ್ತೇ ಸಂಜೆ ಉತ್ತರ ಬಂತು. ಪ್ಯಾನೆಲ್ ಫೀಡ್‌ಬ್ಯಾಕ್ ಬಂದಿದೆ, ಹೆಡ್ ಆಫೀಸ್ ಅಪ್ರೂವಲ್ ಬಾಕಿ, ಅಕ್ಟೋಬರ್ 8ಕ್ಕೆ ಹೇಳ್ತೀವಿ, ಕೊನೆ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕಳಿಸಿ ಅಂತ. ಸ್ಲಿಪ್ ಕೇಳಿದ್ರೆ ಸಂಬಳದ ಲೆಕ್ಕ ಹಾಕ್ತಿದಾರೆ ಅಂತ ಅರ್ಥ, ನಿಮ್ಮ ಫೈಲ್ ಓಡ್ತಿದೆ. ಹಂಗಂತ ಕೆಲಸ ಸಿಕ್ತು ಅಂತಲ್ಲ, ಇಬ್ಬರ ಹತ್ರಾನೂ ಸ್ಲಿಪ್ ತರಿಸ್ಕೊಂಡಿರಬಹುದು. "ಪ್ರೊಸೆಸ್‌ನಲ್ಲಿದೆ, ತಿಳಿಸ್ತೀವಿ" ಅಂತ ತಾರೀಖೇ ಇಲ್ಲದ ಉತ್ತರ ಬಂದ್ರೆ ನಾನು ಅದನ್ನ ಹೋಲ್ಡ್ ಅಂತಲೇ ಓದ್ಕೊಂಡು ಬೇರೆ ಕಡೆ ಹುಡುಕಾಟ ನಿಲ್ಲಿಸ್ದೆ ಮುಂದುವರಿಸ್ತೀನಿ. ಉತ್ತರವೇ ಬರ್ದಿದ್ರೆ ಒಂದು ವಾರ ಬಿಟ್ಟು ಅದೇ ಥ್ರೆಡ್‌ನಲ್ಲಿ ಎರಡು ಸಾಲು, ಅದಕ್ಕೂ ಇಲ್ಲ ಅಂದ್ರೆ ಅಲ್ಲಿಗೆ ಬಿಡೋದು. ಕನ್ಸಲ್ಟೆನ್ಸಿ ಮೂಲಕ ಹೋಗಿದ್ರೆ ಅವರಿಗೇ ಬರೀಬೇಕು, ಅವರನ್ನ ದಾಟಿ ಕಂಪನಿಗೆ ನೇರ ಬರೆದ್ರೆ ಇಬ್ಬರಿಗೂ ಮುಜುಗರ.

ಹಬ್ಬ ಮುಗಿಸಿ ಸೋಮವಾರ, ಅಕ್ಟೋಬರ್ 6ಕ್ಕೆ, ಬಿಡದಿಯ ಇನ್ನೊಂದು ಫ್ಯಾಕ್ಟರಿಯಿಂದ ನನಗೆ ಆಫರ್ ಲೆಟರ್ ಬಂತು, 10ರೊಳಗೆ ಒಪ್ಪಿಗೆ ಕೊಡಿ ಅಂತ. ಮೈಸೂರಿನವರು ಹೇಳಿದ್ದು 8, ಆದ್ರೂ ಅಲ್ಲಿವರೆಗೆ ಕಾಯದೇ ಅವತ್ತೇ ಅವರಿಗೆ ಮತ್ತೆ ಬರೆದೆ. ಆಫರ್ ವಿಷಯ ನಾನು 8ಕ್ಕೆ ಹೇಳಿದ್ರೆ ಅವರಿಗೂ ಓಡಾಡೋಕೆ ಟೈಮ್ ಇರಲ್ಲ, ಮುಂಚೆ ಗೊತ್ತಾದ್ರೆ ಹೆಡ್ ಆಫೀಸಿಗೆ ಫೋನ್ ಮಾಡಿ ತಳ್ಳೋಕೆ ಒಂದು ಕಾರಣ ಸಿಗುತ್ತೆ. ಬರೆದಿದ್ದು ಇಷ್ಟೇ: ಬೇರೆ ಕಡೆಯಿಂದ ಲಿಖಿತ ಆಫರ್ ಬಂದಿದೆ, 10ರ ಸಂಜೆಯೊಳಗೆ ಉತ್ತರ ಕೊಡ್ಬೇಕು, ನಿಮ್ಮ ಕೆಲಸವೇ ನನಗೆ ಮೊದಲ ಆಯ್ಕೆ, 8ನೇ ತಾರೀಖು ಹಾಗೇ ಇದೆಯಾ ತಿಳಿಸಿ. ಕಂಪನಿ ಹೆಸರಾಗ್ಲಿ ಸಂಬಳವಾಗ್ಲಿ ಹಾಕ್ಲಿಲ್ಲ, ಅದು ಬೇಕಾದ್ರೆ ಅವರೇ ಕೇಳ್ತಾರೆ. ಒಂದು ಮಾತು, ಆಫರ್ ಕೈಲಿಲ್ದೆ ಇದನ್ನ ಬರೀಬಾರ್ದು. "ಹಂಗಾದ್ರೆ ಅಲ್ಲೇ ಸೇರ್ಕೊಳ್ಳಿ" ಅಂದ್ಬಿಟ್ರೆ ಎರಡೂ ಹೋಗುತ್ತೆ.

8ರ ಸಂಜೆ ಮೇಡಂ ಮೇಲ್ ಬಿಟ್ಟು ಫೋನೇ ಮಾಡಿದ್ರು. "ನೋಡಿ, ಅಪ್ರೂವಲ್ ಈ ವಾರ ಬರಲ್ಲ, ಮುಂದಿನ ವಾರ ಬರುತ್ತೆ ಅಂತಾನೂ ನಾನು ಹೇಳೋಕಾಗಲ್ಲ. ನಿಮ್ ಕೈಲಿರೋದನ್ನ ಬಿಡಿ ಅಂತ ನಾನ್ ಹೇಳಲ್ಲ" ಅಂದ್ರು. ಇಷ್ಟು ನೇರವಾಗಿ ಹೇಳಿದ್ದಕ್ಕೆ ನಾನು ಅವರಿಗೆ ಮನಸಾರೆ ಥ್ಯಾಂಕ್ಸ್ ಹೇಳ್ದೆ. ಗುರುವಾರ ಮನೇಲಿ ಮಾತಾಡ್ಕೊಂಡು ಶುಕ್ರವಾರ ಬೆಳಿಗ್ಗೆ ಬಿಡದಿಯವರಿಗೆ ಒಪ್ಪಿಗೆ ಕಳಿಸಿ, ಅದಾದ್ಮೇಲೆ ಮೈಸೂರಿನ ಅದೇ ಥ್ರೆಡ್‌ನಲ್ಲಿ, ನಾನು ಬೇರೆ ಆಫರ್ ಒಪ್ಕೊಂಡಿದೀನಿ, ಈ ಹುದ್ದೆಗೆ ನನ್ನ ಹೆಸರು ತೆಗೀಬಹುದು, ಮುಂದೆ ಇಂಥ ಕೆಲಸ ಬಂದ್ರೆ ತಿಳಿಸಿ ಮೇಡಂ ಅಂತ ಬರೆದು ಮುಗಿಸ್ದೆ.